ಕಟ್ ಆದ ಹಣ, ಬಾರದ ಉತ್ತರ

ಕೋಲ್ಕತ್ತದ ಕಾಲೇಜ್ ಸ್ಟ್ರೀಟಿನಲ್ಲಿ ಹಳೆಯ ಪುಸ್ತಕದ ಅಂಗಡಿಗಳು ಫುಟ್‌ಪಾತಿನ ಉದ್ದಕ್ಕೂ ಒಂದಕ್ಕೊಂದು ಆತುಕೊಂಡು ನಿಂತಿವೆ. 2025ರ ಡಿಸೆಂಬರ್ 12, ಶುಕ್ರವಾರ ಸಂಜೆ ಅಂಥದ್ದೊಂದು ಅಂಗಡಿಯಲ್ಲಿ ನಾನು ಹಳೆಯ ಬಂಗಾಳಿ ನಿಘಂಟೊಂದನ್ನು ಕೈಗೆತ್ತಿಕೊಂಡೆ. ಚೌಕಾಸಿ ಮಾಡಿ 480 ರೂಪಾಯಿಗೆ ಒಪ್ಪಿಸಿದೆ. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಫೋನಿನ ಪರದೆಯ ಮೇಲೆ ಚಕ್ರ ಸುತ್ತತೊಡಗಿತು. ಸುತ್ತುತ್ತಲೇ ಇತ್ತು. ಅಷ್ಟರಲ್ಲಿ ಬ್ಯಾಂಕಿನ ಎಸ್ಎಂಎಸ್ ಬಂತು: ನಿಮ್ಮ ಖಾತೆಯಿಂದ 480 ರೂಪಾಯಿ ಕಳೆಯಲಾಗಿದೆ. ಅಂಗಡಿಯವನ ಸೌಂಡ್‌ಬಾಕ್ಸ್ ಮಾತ್ರ ತುಟಿ ಬಿಚ್ಚಲಿಲ್ಲ.

"ಟಾಕಾ ಆಶೇನಿ, ದಾದಾ," ಎಂದ ಅವನು. ದುಡ್ಡು ಬಂದಿಲ್ಲ. ನಾನು ನನ್ನ ಎಸ್ಎಂಎಸ್ ತೋರಿಸಿದೆ, ಅವನು ತನ್ನ ಫೋನ್ ತೋರಿಸಿದ. ಇಬ್ಬರೂ ನಿಜವನ್ನೇ ಹೇಳುತ್ತಿದ್ದೆವು. ಕೊನೆಗೆ ಜೇಬಿನಲ್ಲಿದ್ದ ನೋಟು ಎಣಿಸಿ ಕೊಟ್ಟು ಪುಸ್ತಕ ತಂದೆ. ಆ 480 ರೂಪಾಯಿ ನನ್ನ ಖಾತೆಗೆ ಮರಳಿದ್ದು ಸೋಮವಾರ, 15ರಂದು. ಮೂರು ದಿನ ಆ ಹಣ ಎಲ್ಲಿತ್ತು?

ಈ ಪ್ರಶ್ನೆಯನ್ನು ನಾನು ಕೇಳಿದ್ದು ಅದೇ ಊರಿನಲ್ಲಿ ಬ್ಯಾಂಕ್ ಕೆಲಸದಲ್ಲಿರುವ ದಾವಣಗೆರೆ ಕಡೆಯ ಗೆಳೆಯರೊಬ್ಬರನ್ನು. ದಿನಾ ಬೆಳಗ್ಗೆ ಲೆಕ್ಕ ತಾಳೆ ನೋಡುವ ವಿಭಾಗದಲ್ಲಿ ಅವರು ಹಲವು ವರ್ಷ ದುಡಿದವರು. "ದುಡ್ಡು ಎಲ್ಲೂ ಹೋಗಿಲ್ಲ ಸಾರ್. ಉತ್ತರ ಕಳೆದುಹೋಗಿದೆ ಅಷ್ಟೇ," ಎಂದರು. ಈ ಅಧ್ಯಾಯವೆಲ್ಲ ಆ ಒಂದು ಮಾತಿನ ವಿವರಣೆ.

ಯುಪಿಐಯಲ್ಲಿ ಹಣ ಕಳಿಸುವುದೆಂದರೆ ಒಂದು ಕೆಲಸವಲ್ಲ, ಎರಡು. ನನ್ನ ಬ್ಯಾಂಕು ನನ್ನ ಖಾತೆಯಿಂದ ಕಳೆಯಬೇಕು, ಅಂಗಡಿಯವನ ಬ್ಯಾಂಕು ಅವನ ಖಾತೆಗೆ ಕೂಡಿಸಬೇಕು. ಎರಡೂ ಬೇರೆ ಬೇರೆ ಕಂಪ್ಯೂಟರುಗಳು, ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಯಜಮಾನರ ಕೈಯಲ್ಲಿ. ಇವು ನೇರವಾಗಿ ಮಾತಾಡಿಕೊಳ್ಳುವುದೂ ಇಲ್ಲ. ನಡುವೆ ಎನ್‌ಪಿಸಿಐ, ಅಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ಸ್ವಿಚ್ ಇದೆ. ನಾನು ಪಿನ್ ಒತ್ತಿದಾಗ ಆ್ಯಪ್ ಸ್ವಿಚ್‌ಗೆ ಹೇಳುತ್ತದೆ. ಸ್ವಿಚ್ ನನ್ನ ಬ್ಯಾಂಕಿಗೆ "480 ಕಳೆ" ಎನ್ನುತ್ತದೆ. "ಕಳೆದೆ" ಎಂಬ ಉತ್ತರ ಬಂದ ಮೇಲೆ ಅಂಗಡಿಯವನ ಬ್ಯಾಂಕಿಗೆ "480 ಕೂಡಿಸು" ಎನ್ನುತ್ತದೆ. "ಕೂಡಿಸಿದೆ" ಎಂದು ಅಲ್ಲಿಂದ ಉತ್ತರ ಬಂದರೆ ಇಬ್ಬರಿಗೂ ಶುಭ ಸುದ್ದಿ ಹೋಗುತ್ತದೆ. ಇಡೀ ಸಂಭಾಷಣೆ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳದ್ದು. ಹಣ ಕಳೆಯುವ, ಕೂಡಿಸುವ ಕೋರಿಕೆಗೆ ಉತ್ತರ ಕೊಡಲು ಮೊದಲು 30 ಸೆಕೆಂಡು ಗಡುವು ಇತ್ತು. 2025ರ ಜೂನ್ 16ರಿಂದ ಅದನ್ನು 15ಕ್ಕೆ ಇಳಿಸಿದರು.

ಈ ಸಂಭಾಷಣೆ ಕೆಡುವ ಬಗೆಗಳಲ್ಲಿ ಒಂದು ತೀರಾ ಸರಳ. ಅಂಗಡಿಯವನ ಬ್ಯಾಂಕು ಸ್ಪಷ್ಟವಾಗಿ "ಆಗುವುದಿಲ್ಲ" ಎಂದುಬಿಡುತ್ತದೆ. ಖಾತೆ ಮುಚ್ಚಿರಬಹುದು, ತಡೆಹಿಡಿದಿರಬಹುದು. ಆಗ ಸ್ವಿಚ್ ಹಿಂತಿರುಗಿ ನನ್ನ ಬ್ಯಾಂಕಿಗೆ "ಕಳೆದದ್ದನ್ನು ವಾಪಸ್ ಹಾಕು" ಎನ್ನುತ್ತದೆ. ಕೆಲವು ಸೆಕೆಂಡುಗಳಲ್ಲೇ ಹಣ ಮರಳುತ್ತದೆ. ಪಾಸ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಎರಡು ಸಾಲು ಕಾಣುತ್ತವೆ, ಒಂದೇ ಸಂಖ್ಯೆಯವು: 480 ಖರ್ಚು, 480 ಜಮಾ. ಎಷ್ಟೋ ಸಲ ಹೀಗಾದದ್ದು ನಮ್ಮ ಗಮನಕ್ಕೂ ಬರುವುದಿಲ್ಲ.

ತೊಂದರೆ ಇರುವುದು "ಇಲ್ಲ" ಎಂಬ ಉತ್ತರದಲ್ಲಲ್ಲ, ಉತ್ತರವೇ ಬಾರದಿರುವುದರಲ್ಲಿ. ಕೂಡಿಸು ಎಂದು ಹೇಳಿ ಸ್ವಿಚ್ ಕಾಯುತ್ತದೆ. ಗಡುವು ಮುಗಿಯುತ್ತದೆ. ಆ ಕಡೆಯಿಂದ ಸದ್ದಿಲ್ಲ. ಇದಕ್ಕೆ ಮೂರು ಕಾರಣ ಇರಬಹುದು. ಕೋರಿಕೆ ಆ ಬ್ಯಾಂಕಿಗೆ ಮುಟ್ಟಲೇ ಇಲ್ಲ. ಅಥವಾ ಮುಟ್ಟಿದೆ, ಆದರೆ ಅದರ ಸರ್ವರ್ ಏದುಸಿರು ಬಿಡುತ್ತಿರುವುದರಿಂದ ಸರದಿಯಲ್ಲಿ ನಿಂತಿದೆ. ಅಥವಾ ಬ್ಯಾಂಕು ಹಣ ಕೂಡಿಸಿದೆ, "ಕೂಡಿಸಿದೆ" ಎಂಬ ಉತ್ತರ ದಾರಿಯಲ್ಲಿ ಬಿದ್ದುಹೋಗಿದೆ. ಸ್ವಿಚ್ ಇರುವ ಜಾಗದಿಂದ ನೋಡಿದರೆ ಮೂರೂ ಒಂದೇ ತರಹ ಕಾಣುತ್ತವೆ: ಮೌನ.

ಹಿಂದಿನ ಮನಿಯಾರ್ಡರ್ ನೆನಪಿರುವವರಿಗೆ ಇದು ಬೇಗ ತಿಳಿಯುತ್ತದೆ. ಊರಿಗೆ ಹಣ ಕಳಿಸಿದರೆ ಪಡೆದವರ ಸಹಿ ಇರುವ ರಸೀದಿ ಚೀಟಿ ಅಂಚೆಯಲ್ಲಿ ವಾಪಸ್ ಬರುತ್ತಿತ್ತು. ಚೀಟಿ ಬರಲಿಲ್ಲವೆಂದರೆ ಹಣ ತಲುಪಿಲ್ಲವೆಂದು ಅರ್ಥವೇ? ಇರಲಾರದು. ಹಣ ತಲುಪಿ ಚೀಟಿಯೇ ಕಳೆದಿರಬಹುದು. ಹಾಗಾದರೆ ಚೀಟಿ ತಲುಪಿತೆಂದು ನಾವೂ ಒಂದು ಕಾಗದ ಬರೆಯೋಣವೆಂದರೆ, ಆ ಕಾಗದ ಮುಟ್ಟಿತೋ ಇಲ್ಲವೋ ಎಂಬುದು ಮುಂದಿನ ಸಂದೇಹ. ಹೀಗೆ ಎಷ್ಟು ಕಾಗದ ಬರೆದರೂ ಕೊನೆಯ ಕಾಗದದ ಗತಿ ಅದನ್ನು ಬರೆದವನಿಗೆ ತಿಳಿಯುವುದಿಲ್ಲ. ಗಣಕವಿಜ್ಞಾನದಲ್ಲಿ ಇದಕ್ಕೆ ಇಬ್ಬರು ದಂಡನಾಯಕರ ಸಮಸ್ಯೆ ಎನ್ನುತ್ತಾರೆ. 1970ರ ದಶಕದಲ್ಲಿ ಇದು ಚರ್ಚೆಗೆ ಬಂತು, ಜಿಮ್ ಗ್ರೇ 1978ರಲ್ಲಿ ಇದಕ್ಕೆ ಈ ಹೆಸರು ಕೊಟ್ಟರು. ಎರಡು ಬೆಟ್ಟಗಳ ಮೇಲೆ ಬೀಡುಬಿಟ್ಟ ಇಬ್ಬರು ದಂಡನಾಯಕರು ಒಂದೇ ಹೊತ್ತಿಗೆ ದಾಳಿ ಮಾಡಬೇಕು, ಆದರೆ ದೂತ ಕಣಿವೆಯಲ್ಲಿ ಸೆರೆಸಿಕ್ಕಬಹುದು. ದೂತರು ಕಳೆದುಹೋಗಬಹುದಾದ ದಾರಿಯಲ್ಲಿ, ಎಷ್ಟು ಸಲ ಓಡಾಡಿಸಿದರೂ, ಇಬ್ಬರಿಗೂ ಸಂಪೂರ್ಣ ಖಾತ್ರಿ ಸಿಗುವ ಉಪಾಯ ಇಲ್ಲವೆಂದು ಗಣಿತದಿಂದಲೇ ಸಿದ್ಧವಾಗಿದೆ. ಇನ್ನೂ ವೇಗದ ಇಂಟರ್ನೆಟ್ ತಂದರೂ ಈ ಸಂದರ್ಭ ಅಪರೂಪವಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಹಾಗಾದರೆ ಮತ್ತೆ ಮತ್ತೆ ಕೇಳಿದರಾಯಿತಲ್ಲ? ಕೇಳುತ್ತಾರೆ. ಯುಪಿಐಯಲ್ಲಿ ವಹಿವಾಟಿನ ಸ್ಥಿತಿ ವಿಚಾರಿಸುವ ಕೋರಿಕೆಯೇ ಪ್ರತ್ಯೇಕವಾಗಿದೆ. ಆದರೆ ಕೇಳುವುದಕ್ಕೂ ಮಿತಿ ಬೇಕೆಂಬ ಪಾಠ 2025ರ ಏಪ್ರಿಲ್ 12ರಂದು ಸಿಕ್ಕಿತು. ಅಂದು ದೇಶದಲ್ಲೆಲ್ಲ ಯುಪಿಐ ತಾಸುಗಟ್ಟಲೆ ಕುಂಟಿತು. ಬ್ಯಾಂಕುಗಳು ಹಳೆಯ ವಹಿವಾಟುಗಳನ್ನೂ ಸೇರಿಸಿ ಸ್ಥಿತಿ ವಿಚಾರಿಸುವ ಕೋರಿಕೆಗಳನ್ನು ಎಡೆಬಿಡದೆ ಸುರಿಸಿದ್ದೇ ಕಾರಣವೆಂದು ಎನ್‌ಪಿಸಿಐ ಕಂಡುಕೊಂಡಿತು. ಆಮೇಲೆ ಒಂದು ವಹಿವಾಟಿನ ಬಗ್ಗೆ ಎಷ್ಟು ಸಲ, ಎಷ್ಟು ಅಂತರದಲ್ಲಿ ಕೇಳಬಹುದೆಂಬುದಕ್ಕೆ ಬಿಗಿ ನಿಯಮ ಬಂತು. ಹಾಗಾಗಿ ನಮ್ಮ ಆ್ಯಪ್‌ನಲ್ಲಿ "ಪೆಂಡಿಂಗ್" ಎಂದು ಕಂಡಾಗ ನಿಮಿಷಕ್ಕೆ ಹತ್ತು ಸಲ ಎಳೆದು ರಿಫ್ರೆಶ್ ಮಾಡುವುದರಿಂದ ಏನೂ ಬದಲಾಗುವುದಿಲ್ಲ.

ಸ್ಥಿತಿ ಗೊತ್ತಿಲ್ಲದಾಗ ಹಣವನ್ನು ಸುಮ್ಮನೆ ನನಗೆ ವಾಪಸ್ ಹಾಕಿಬಿಟ್ಟರೆ ಏನು? ಈ ಪ್ರಶ್ನೆಗೆ ಅತ್ಯಂತ ದುಬಾರಿ ಉತ್ತರ ಸಿಕ್ಕಿದ್ದು ಇದೇ ಕೋಲ್ಕತ್ತದಲ್ಲಿ. 1943ರಲ್ಲಿ ಘನಶ್ಯಾಮ ದಾಸ್ ಬಿರ್ಲಾ ಅವರಿಂದ ಆರಂಭವಾದ, ಈಗ ಸರಕಾರಿ ಬ್ಯಾಂಕಾಗಿರುವ ಯೂಕೋ ಬ್ಯಾಂಕಿನ ಪ್ರಧಾನ ಕಚೇರಿ ಈ ಊರಿನಲ್ಲಿದೆ. 2023ರ ನವೆಂಬರ್ 10ರಿಂದ 13ರವರೆಗೆ, ನಡುವೆ 12ರಂದು ದೀಪಾವಳಿ, ಆ ಬ್ಯಾಂಕಿನ ಐಎಂಪಿಎಸ್‌ನಲ್ಲಿ ವಿಚಿತ್ರವೊಂದು ನಡೆಯಿತು. ಐಎಂಪಿಎಸ್ ಎಂದರೆ 2010ರಲ್ಲಿ ಬಂದ ತಕ್ಷಣದ ಹಣ ವರ್ಗಾವಣೆ. ಯುಪಿಐ ಕಟ್ಟಿರುವುದೂ ಅದರದೇ ತಳಪಾಯದ ಮೇಲೆ. ಏಳು ಖಾಸಗಿ ಬ್ಯಾಂಕುಗಳ ಸುಮಾರು 14,600 ಗ್ರಾಹಕರು ಕಳಿಸಿದ ಹಣದ ವಹಿವಾಟುಗಳು ಅವರ ಬ್ಯಾಂಕುಗಳ ಪುಸ್ತಕದಲ್ಲಿ ವಿಫಲ ಎಂದು ದಾಖಲಾದವು, ಅವರ ಖಾತೆಯಿಂದ ಹಣ ಹೋಗಲಿಲ್ಲ. ಆದರೆ ಯೂಕೋ ಬ್ಯಾಂಕಿನ ಪುಸ್ತಕದಲ್ಲಿ ಅವೇ ವಹಿವಾಟುಗಳು 41,000ಕ್ಕೂ ಹೆಚ್ಚು ಖಾತೆಗಳಿಗೆ ಜಮಾ ಆದವು. ಒಟ್ಟು ಎಂಟೂವರೆ ಲಕ್ಷಕ್ಕೂ ಹೆಚ್ಚು ವಹಿವಾಟು, 820 ಕೋಟಿ ರೂಪಾಯಿ.

ನನ್ನ 480 ರೂಪಾಯಿಯ ಕಥೆಯನ್ನು ಕನ್ನಡಿಯಲ್ಲಿ ಹಿಡಿದಂತಿದೆ ಇದು. ನನ್ನದರಲ್ಲಿ ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡಲಿಲ್ಲ. ಅಲ್ಲಿ ಒಂದು ಕಡೆ ಕಳೆಯದೆಯೇ ಇನ್ನೊಂದು ಕಡೆ ಕೂಡಿತು. ಒಂದೇ ವಹಿವಾಟಿನ ಬಗ್ಗೆ ಎರಡು ಪುಸ್ತಕಗಳು ಎರಡು ಮಾತು ಹೇಳಿದಾಗ ಹಣ ಒಂದೋ ಮಧ್ಯೆ ಸಿಕ್ಕಿಬೀಳುತ್ತದೆ, ಇಲ್ಲವೇ ಇಲ್ಲದ ಕಡೆ ಹುಟ್ಟುತ್ತದೆ. ಯೂಕೋ ಬ್ಯಾಂಕು ಐಎಂಪಿಎಸ್ ನಿಲ್ಲಿಸಿತು, ಖಾತೆಗಳಲ್ಲಿ ಹಣ ತಡೆಹಿಡಿಯಿತು, ಕೆಲವೇ ದಿನಗಳಲ್ಲಿ 649 ಕೋಟಿ ವಸೂಲಾಗಿದೆ ಎಂದು ತಿಳಿಸಿತು. ಉಳಿದ 171 ಕೋಟಿಯನ್ನು ಅಷ್ಟರಲ್ಲಿ ಬಹಳ ಜನ ತೆಗೆದುಕೊಂಡುಬಿಟ್ಟಿದ್ದರು. ಸಿಬಿಐ ಮೊಕದ್ದಮೆ ಹೂಡಿ 2023ರ ಡಿಸೆಂಬರಿನಲ್ಲಿ ಶೋಧ ನಡೆಸಿದ ಜಾಗಗಳಲ್ಲಿ ಕೋಲ್ಕತ್ತದ ಜೊತೆಗೆ ನಮ್ಮ ಮಂಗಳೂರೂ ಇತ್ತು. ಮುಂದಿನ ಮಾರ್ಚ್‌ನಲ್ಲಿ ರಾಜಸ್ಥಾನ, ಮಹಾರಾಷ್ಟ್ರಗಳಲ್ಲಿ ಶೋಧ ಮುಂದುವರಿಯಿತು. ಈಗ ಯೋಚಿಸಿ: ಉತ್ತರ ಬಾರದ ಪ್ರತಿ ವಹಿವಾಟಿನಲ್ಲೂ ಬ್ಯಾಂಕು ಅವಸರದಿಂದ ಹಣ ವಾಪಸ್ ಹಾಕಿದರೆ, ಆ ಕಡೆ ಮೊದಲೇ ಜಮಾ ಆಗಿದ್ದ ಪಕ್ಷದಲ್ಲಿ ಅದೇ ಹಣ ಎರಡು ಕಡೆ ಇರುತ್ತದೆ. ಕೊಟ್ಟ ಹಣವನ್ನು ಜನರಿಂದ ಮರಳಿ ಪಡೆಯುವುದು ಎಷ್ಟು ಕಷ್ಟವೆಂಬುದಕ್ಕೆ ಆ 171 ಕೋಟಿ ಸಾಕ್ಷಿ. ಬ್ಯಾಂಕು ಮೊದಲ ಒಂದೆರಡು ದಿನ ಕಾಯುವುದು ಸರಿಯಾದ ಕೆಲಸ ಎಂದೇ ನಾನು ಹೇಳುತ್ತೇನೆ.

ಕಾಯುವಷ್ಟು ಹೊತ್ತು ಹಣ ಇರುವ ಜಾಗಕ್ಕೆ ಬರೋಣ. ನನ್ನ ಖಾತೆಯಿಂದ 480 ಕಳೆದ ಕ್ಷಣದಲ್ಲೇ ಬ್ಯಾಂಕು ಅದೇ ಮೊತ್ತವನ್ನು ತನ್ನದೇ ಒಂದು ಒಳಖಾತೆಗೆ ಜಮಾ ಮಾಡಿರುತ್ತದೆ. ಜಮಾ-ಖರ್ಚಿನ ಲೆಕ್ಕದಲ್ಲಿ ಒಂದು ಕಡೆ ಬರೆದು ಇನ್ನೊಂದು ಕಡೆ ಬಿಡುವಂತಿಲ್ಲ. ಯುಪಿಐಯಲ್ಲಿ ಹೊರಹೋಗುವ ಹಣವೆಲ್ಲ ಈ ಒಳಖಾತೆಯಲ್ಲಿ ಸೇರುತ್ತದೆ. ಬ್ಯಾಂಕು ಬ್ಯಾಂಕಿನ ನಡುವೆ ಪ್ರತಿ 480ಕ್ಕೂ ಹಣ ಓಡಾಡುವುದಿಲ್ಲ. ದಿನಕ್ಕೆ ಹಲವು ಬಾರಿ ಎನ್‌ಪಿಸಿಐ ಎಲ್ಲ ಬ್ಯಾಂಕುಗಳ ಕೊಡುವ-ಕೊಳ್ಳುವ ಮೊತ್ತ ಲೆಕ್ಕ ಹಾಕಿ, ಉಳಿದ ನಿವ್ವಳ ಬಾಕಿಯನ್ನಷ್ಟೇ ರಿಸರ್ವ್ ಬ್ಯಾಂಕಿನಲ್ಲಿರುವ ಅವುಗಳ ಖಾತೆಗಳ ನಡುವೆ ಚುಕ್ತಾ ಮಾಡಿಸುತ್ತದೆ.

ಉತ್ತರ ಬಾರದೆ ಗಡುವು ಮೀರಿದ ವಹಿವಾಟಿಗೆ ಯುಪಿಐಯಲ್ಲಿ ಒಂದು ವಿಶೇಷ ಹಣೆಪಟ್ಟಿ ಇದೆ, ಆಗಿದೆ ಎಂದು ಭಾವಿಸಿದ ವಹಿವಾಟು. ಬ್ಯಾಂಕಿನವರು "ಡೀಮ್ಡ್" ಎನ್ನುತ್ತಾರೆ. ಕಳಿಸಿದ ಬ್ಯಾಂಕು ಕಳೆದದ್ದು ಖಚಿತವಿದೆ, ಪಡೆಯುವ ಬ್ಯಾಂಕು ಕೂಡಿಸಿತೋ ಇಲ್ಲವೋ ಗೊತ್ತಿಲ್ಲ, ಆದ್ದರಿಂದ ಚುಕ್ತಾ ಮಾಡುವಾಗ ಹಣವನ್ನು ಪಡೆಯುವ ಬ್ಯಾಂಕಿನ ಕೈಗೇ ಕೊಡುತ್ತಾರೆ. ತನ್ನ ಗ್ರಾಹಕನ ಖಾತೆ ತೆರೆದು ನೋಡಿ ನಿಜ ಹೇಳಬಲ್ಲದ್ದು ಅದೊಂದೇ. ಹೀಗಾಗಿ ನನ್ನ 480 ರೂಪಾಯಿ ಶುಕ್ರವಾರ ರಾತ್ರಿಯ ಹೊತ್ತಿಗೆ ನನ್ನ ಬ್ಯಾಂಕಿನಿಂದ ಹೊರಟು ಪುಸ್ತಕದಂಗಡಿಯವನ ಬ್ಯಾಂಕನ್ನು ಸೇರಿತ್ತು, ಆದರೆ ಅವನ ಖಾತೆಯನ್ನಲ್ಲ. ಆ ಬ್ಯಾಂಕಿನ ಒಳಖಾತೆಯಲ್ಲಿ ವಿಳಾಸವಿಲ್ಲದ ಕಾಗದದಂತೆ ಕೂತಿತ್ತು.

ಇಲ್ಲಿಂದ ಮುಂದಿನದು ನನ್ನ ಗೆಳೆಯರ ವಿಭಾಗದ ಕೆಲಸ. ಎನ್‌ಪಿಸಿಐಯಿಂದ ಬಂದ ಪಟ್ಟಿಯನ್ನು ಬ್ಯಾಂಕಿನ ಖಾತೆ ಪುಸ್ತಕದ ಜೊತೆ ಸಾಲು ಸಾಲಾಗಿ ತಾಳೆ ಹಾಕುತ್ತಾರೆ. ಗುರುತು ಹಿಡಿಯುವುದು 12 ಅಂಕಿಗಳ ಒಂದು ಸಂಖ್ಯೆಯಿಂದ. ಆ್ಯಪ್‌ನಲ್ಲಿ ವಹಿವಾಟಿನ ವಿವರ ತೆರೆದರೆ ಅದು ನಿಮಗೂ ಕಾಣುತ್ತದೆ. ನನ್ನದು 5346ರಿಂದ ಶುರುವಾಗಿತ್ತು. ಸಾಮಾನ್ಯವಾಗಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ನಂತರದ ಮೂರು ಅಂಕಿ ವರ್ಷದ ಎಷ್ಟನೆಯ ದಿನ ಎಂಬುದು. 2025ರ 346ನೆಯ ದಿನವೇ ಡಿಸೆಂಬರ್ 12. ಪುಸ್ತಕದಲ್ಲಿ ಆ ಸಂಖ್ಯೆಯ ಎದುರು ಜಮಾ ಇದ್ದರೆ "ಆಗಲೇ ಕೂಡಿಸಿದ್ದೇವೆ" ಎಂದು ಬ್ಯಾಂಕು ತಿಳಿಸುತ್ತದೆ. ಇಲ್ಲದಿದ್ದರೆ ಈಗ ಕೂಡಿಸಿ ಹಾಗೆಂದು ತಿಳಿಸುತ್ತದೆ, ಅಥವಾ ಕೂಡಿಸಲಾಗದೆಂದು ಹಣ ಹಿಂದಿರುಗಿಸುತ್ತದೆ. ಹಿಂದಿರುಗಿಸಿದ್ದು ಮತ್ತೊಂದು ಸುತ್ತಿನ ಚುಕ್ತಾದಲ್ಲಿ ನನ್ನ ಬ್ಯಾಂಕಿಗೆ ಬಂದು, ಅಲ್ಲಿಂದ ನನ್ನ ಖಾತೆಗೆ ಬೀಳುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಯಾಕೆಂದರೆ ಬಹಳ ಜನ ಇಲ್ಲೇ ಎಡವುತ್ತಾರೆ. ಸಿಕ್ಕಿಬಿದ್ದ ಹಣಕ್ಕೆ ಎರಡು ದಾರಿಗಳಿವೆ, ವಾಪಸ್ ಬರುವುದು ಅದರಲ್ಲಿ ಒಂದು ಮಾತ್ರ. ತಡವಾಗಿ ಅಂಗಡಿಯವನಿಗೇ ಜಮಾ ಆಗುವುದು ಇನ್ನೊಂದು. ಹಾಗಾದರೆ ನಾನು ನೋಟಿನಲ್ಲಿ ಮತ್ತೆ ಕೊಟ್ಟ 480ನ್ನು ಬ್ಯಾಂಕಿನಿಂದ ಕೇಳುವಂತಿಲ್ಲ, ಅಂಗಡಿಯವನಿಂದಲೇ ಕೇಳಬೇಕು. ಅದಕ್ಕಾಗಿ ಪರದೆಯ ಮೇಲೆ "ಪೆಂಡಿಂಗ್" ಎಂದಿದ್ದಾಗ ಮತ್ತೆ ಕೊಡುವುದಾದರೆ, ಅಂಗಡಿಯವನಿಗೆ ಆ 12 ಅಂಕಿ ಬರೆದುಕೊಟ್ಟು, ಮುಂದೆ ಬಂದರೆ ಹಿಂದಿರುಗಿಸುವಂತೆ ಹೇಳಿ ಹೊರಡಬೇಕು. ನಾನು ಅವತ್ತು ನಿಘಂಟಿನ ಜೊತೆಗೆ ಬಂದ ಬಿಲ್ಲಿನ ಹಿಂಭಾಗದಲ್ಲಿ ಅಷ್ಟನ್ನು ಬರೆದು, ಅವನ ಫೋನಿನಲ್ಲಿ ಅದರ ಫೋಟೊ ತೆಗೆಸಿದ್ದೆ.

ಇನ್ನು ಗಡುವಿನ ವಿಷಯ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿ, ಅಕ್ಟೋಬರ್ 15ರಿಂದ ಜಾರಿಗೆ ತಂದ ಸುತ್ತೋಲೆ ಇದನ್ನು ನಿಚ್ಚಳವಾಗಿ ಹೇಳಿದೆ. ವಹಿವಾಟು ನಡೆದ ದಿನವನ್ನು ಅದು ಟಿ ಎಂದು ಕರೆಯುತ್ತದೆ. ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ಹಣ ಕಟ್ ಆಗಿ ಅವರಿಗೆ ಜಮಾ ಆಗದಿದ್ದರೆ, ಪಡೆಯುವ ಬ್ಯಾಂಕು ಅದನ್ನು ಟಿ+1ರೊಳಗೆ, ಅಂದರೆ ಮರುದಿನ ಮುಗಿಯುವುದರೊಳಗೆ ಹಿಂದಿರುಗಿಸಬೇಕು. ಅಂಗಡಿಗೆ ಕೊಟ್ಟ ಹಣ ಕಟ್ ಆಗಿ ಅಂಗಡಿಯವನಿಗೆ ಖಾತ್ರಿ ಸಿಗದಿದ್ದರೆ ಗಡುವು ಟಿ+5. ಅಂಗಡಿಗೆ ಹೆಚ್ಚು ದಿನ ಯಾಕೆಂದರೆ ಅಲ್ಲಿ ಬ್ಯಾಂಕಿನ ಜೊತೆಗೆ ಸೌಂಡ್‌ಬಾಕ್ಸ್ ಕೊಟ್ಟ ಕಂಪನಿ, ಹಣ ಸಂಗ್ರಹಿಸುವ ಮಧ್ಯವರ್ತಿಗಳ ಪುಸ್ತಕಗಳೂ ತಾಳೆಯಾಗಬೇಕು. ಗಡುವು ಮೀರಿದ ಪ್ರತಿ ದಿನಕ್ಕೆ ಗ್ರಾಹಕನಿಗೆ 100 ರೂಪಾಯಿ ಪರಿಹಾರ. ಮೊತ್ತ 50 ರೂಪಾಯಿಯಾಗಲಿ 50,000ವಾಗಲಿ, ಆ ನೂರು ಬದಲಾಗದು. ಗ್ರಾಹಕ ದೂರು ಕೊಡಲೆಂದು ಕಾಯದೆ ಬ್ಯಾಂಕು ತಾನಾಗಿಯೇ ಕೊಡಬೇಕೆಂದೂ ಸುತ್ತೋಲೆಯಲ್ಲಿದೆ.

ಎಣಿಸುವಾಗ ಕ್ಯಾಲೆಂಡರ್ ದಿನವನ್ನೇ ಎಣಿಸಬೇಕು. ನನ್ನ ಮರುದಿನ ಡಿಸೆಂಬರ್ 13, ಎರಡನೇ ಶನಿವಾರ. ಬ್ಯಾಂಕಿನ ಬಾಗಿಲು ಮುಚ್ಚಿತ್ತು, ಅದರ ಮರುದಿನ ಭಾನುವಾರ. ಆದರೂ ದಿನಗಳು ಲೆಕ್ಕಕ್ಕೆ ಸೇರುತ್ತವೆ. ನಾನು ಕೊಟ್ಟದ್ದು ಅಂಗಡಿಗೆ, ಹಾಗಾಗಿ ಗಡುವು 17, ಬುಧವಾರ. ಹಣ 15ಕ್ಕೇ ಬಂದುದರಿಂದ ಪರಿಹಾರದ ಪ್ರಶ್ನೆ ಇರಲಿಲ್ಲ. 20ಕ್ಕೆ ಬಂದಿದ್ದರೆ ಮೂರು ದಿನ ತಡ, 480ರ ಜೊತೆಗೆ 300 ರೂಪಾಯಿ ಬರಬೇಕಿತ್ತು. ಅದೇ ಹಣ ಗೆಳೆಯರೊಬ್ಬರ ಖಾತೆಗೆ ಕಳಿಸಿದ್ದಾಗಿದ್ದರೆ ಗಡುವು 13ಕ್ಕೇ ಮುಗಿದು, 15ಕ್ಕೆ ಬಂದದ್ದಕ್ಕೆ 200 ರೂಪಾಯಿ ಸಲ್ಲಬೇಕಿತ್ತು.

ಈ ನಿಯಮ ಎಲ್ಲಕ್ಕೂ ಅನ್ವಯಿಸುವುದಿಲ್ಲ. ತಪ್ಪು ನಂಬರಿಗೆ ಕಳಿಸಿದ ಹಣ ವಿಫಲ ವಹಿವಾಟಲ್ಲ. ಎರಡೂ ಪುಸ್ತಕಗಳಲ್ಲಿ ಅದು ಸರಿಯಾಗಿಯೇ ಆಗಿದೆ. ಮೋಸಗಾರನಿಗೆ ನೀವೇ ಪಿನ್ ಒತ್ತಿ ಕಳಿಸಿದ್ದೂ ಹಾಗೆಯೇ. ಅವುಗಳ ದಾರಿ ಬೇರೆ. ಇನ್ನೊಂದು ಎಚ್ಚರ: ಕಟ್ ಆದ ಹಣದ ಚಿಂತೆಯಲ್ಲಿ ಇರುವವರನ್ನೇ ಹುಡುಕಿ, ಗ್ರಾಹಕ ಸೇವೆಯವರೆಂದು ಹೇಳಿಕೊಂಡು ಕರೆ ಮಾಡುವವರಿದ್ದಾರೆ. ಮೇಲೆ ಹೇಳಿದ ಇಡೀ ದಾರಿಯಲ್ಲಿ ನಿಮ್ಮ ಪಿನ್ ಬೇಕಾಗುವುದು ಹಣ ಕಳಿಸುವ ಒಂದೇ ಒಂದು ಗಳಿಗೆಯಲ್ಲಿ. ಹಣ ಮರಳಲು ಪಿನ್ ಬೇಡ, ಯಾವ ಲಿಂಕ್ ಒತ್ತುವುದೂ ಬೇಡ, ಯಾವ ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ.

ಬ್ಯಾಂಕು ಮೊದಲ ದಿನಗಳಲ್ಲಿ ಸುಮ್ಮನಿದ್ದರೆ ಅದು ಇನ್ನೂ ತಿಳಿಯದ ಸ್ಥಿತಿ, ಅದನ್ನು ನಾನು ಕ್ಷಮಿಸುತ್ತೇನೆ. ಎರಡು ಪುಸ್ತಕಗಳನ್ನು ತಾಳೆ ಹಾಕಲು ಸಮಯ ಸಿಕ್ಕಿದ ಮೇಲೂ ಸುಮ್ಮನಿದ್ದರೆ ಅದಕ್ಕೆ ವಿಜ್ಞಾನದ ಕಾರಣ ಯಾವುದೂ ಇಲ್ಲ. ಗಡುವು ದಾಟಿದ ದಿನ ಆ್ಯಪ್‌ನಲ್ಲಿ ಆ ವಹಿವಾಟನ್ನೇ ತೆರೆದು ದೂರು ದಾಖಲಿಸಿ. ಬ್ಯಾಂಕಿಗೂ 12 ಅಂಕಿ, ದಿನಾಂಕ, ಮೊತ್ತ ಬರೆದು ಲಿಖಿತವಾಗಿ ಕೊಡಿ, ದೂರಿನ ಸಂಖ್ಯೆ ಪಡೆಯಿರಿ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ತಾಣದಲ್ಲಿ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಆ ಅರ್ಜಿಯಲ್ಲಿ ನಿಮ್ಮ ಮೂಲ ಹಣದ ಜೊತೆಗೆ ತಡವಾದ ದಿನಗಳನ್ನು ಎಣಿಸಿ, ದಿನಕ್ಕೆ ನೂರರಂತೆ ಆಗುವ ಮೊತ್ತವನ್ನೂ ಬರೆಯಿರಿ.